‘ವಧು’ ಹೋಗಿ ‘ವದು’ ಆಯ್ತು: ಕ್ರಾಸ್ ಸ್ಟಿಚ್ ಅಕ್ಷರಗಳ ಬಗ್ಗೆ ನಮ್ಮ ಗುಂಪಿನ ಪ್ರಶ್ನೋತ್ತರ, ಹೆಸರಿನ ಬದಲು ಊರು

ಹರಿಹರ: ಟೀಚರ್, ತಂಗಿ ಮಗಳ ಮದುವೆಗೆ ಫ್ರೇಮ್ ಹಾಕ್ತಿದ್ದೀನಿ. ಕಂಪ್ಯೂಟರ್ ಫಾಂಟನ್ನ ಗ್ರಾಫಿನ 8 ಮನೆ ಅಗಲಕ್ಕೆ ಇಳಿಸಿದೆ. ‘ವಧು’ ‘ವದು’ ಆಗಿ ಕಾಣ್ತಿದೆ. ಅಕ್ಷರದ ದುಂಡು ಹೊಟ್ಟೆಯೂ ಮೂಲೆಮೂಲೆ ಆಗಿದೆ.

ಟೀಚರ್ (ದಾವಣಗೆರೆ): ಧ ಅಕ್ಷರದ ಹೊಟ್ಟೆ ಸೀಳುವ ಗೆರೆ ಫಾಂಟಿನಲ್ಲೇ ತೆಳು. ಇಳಿಸಿದಾಗ ಅದು ಒಂದು ಮನೆಯ ಅರ್ಧವನ್ನೂ ತುಂಬಲ್ಲ. ಅರ್ಧಕ್ಕಿಂತ ಕಮ್ಮಿ ತುಂಬಿದ ಮನೆಯನ್ನ ಕಂಪ್ಯೂಟರ್ ಖಾಲಿ ಬಿಟ್ಟುಬಿಡುತ್ತೆ, ಗೆರೆ ಮಾಯ. ಜೊತೆಗೆ 8 ಮನೆಗೆ ನಟ್ಟನಡುವಿನ ಸಾಲು ಅಂತ ಇರೋದಿಲ್ಲ, ಸೀಳನ್ನ ಎಲ್ಲಿಟ್ಟರೂ ಒಂದು ಕಡೆ ವಾಲುತ್ತೆ. ಅದಕ್ಕೇ 9 ಮನೆ ತಗೊಳ್ಳಿ.

ಅಕ್ಷರವನ್ನ ದೊಡ್ಡದಾಗಿ ಪ್ರಿಂಟ್ ತೆಗೆದು, ಪಕ್ಕದಲ್ಲಿಟ್ಟು, ಗ್ರಾಫ್ ಹಾಳೆಯಲ್ಲಿ ಪೆನ್ಸಿಲಿನಿಂದ ನೀವೇ ತುಂಬಿ. ಹೊಟ್ಟೆಗೆ ಎಡಬದಿಯಲ್ಲಿ 3 ಮನೆ ನೇರ ಇಳೀರಿ, ಓರೆಗೆ 1, ಮತ್ತೆ ಓರೆಗೆ 1, ತಳದಲ್ಲಿ 3 ಅಡ್ಡ, ಆಮೇಲೆ ಅದೇ ಕ್ರಮದಲ್ಲಿ ಬಲಕ್ಕೆ ಹತ್ತಿ. ಬದಿಯಿಂದ ಓರೆಗೆ ಬರ್ತಾ ಮನೆಗಳು ಕಮ್ಮಿಯಾಗಬೇಕು, ತಳಕ್ಕೆ ಬರ್ತಾ ಹೆಚ್ಚಾಗಬೇಕು. ಓರೆಯ ಆ ಎರಡು 1ರ ನಡುವೆ 2 ಮನೆ ನುಗ್ಗಿದರೆ ಅಲ್ಲೇ ಗಂಟು ಕಾಣುತ್ತೆ. ನಿಮ್ಮ ಮೂಲೆ ಬಂದಿರೋದು ಹಾಗೇ.

ಸೀಳು ಎಡದಿಂದ 5ನೇ ಸಾಲಿನಲ್ಲಿ, ತಳದ ಗೆರೆಯಿಂದ 2 ಮನೆ ಕೆಳಕ್ಕೆ ಇಳೀಬೇಕು. ಒಂದೇ ಮನೆ ಇಳಿಸಿದರೆ ಹೊಲಿಗೆ ತಪ್ಪಿದ ಹಾಗೆ ಕಾಣುತ್ತೆ.

ಚಿತ್ರದುರ್ಗ: ಇಷ್ಟೆಲ್ಲ ಯಾಕೆ, ಇಂಚಿಗೆ 18 ಮನೆ ಇರೋ 18 ಕೌಂಟ್ ಬಟ್ಟೆ ತಗೊಂಡ್ರೆ ಕರ್ವ್ ತಾನೇ ನಯವಾಗುತ್ತೆ.

ಟೀಚರ್: ಮನೆ 9ಕ್ಕೇ ನಿಂತರೆ ಆಕಾರ ಅದೇ, ಅಕ್ಷರ ಮಾತ್ರ ಅರ್ಧ ಇಂಚಿಗೆ ಕುಗ್ಗುತ್ತೆ. ಅದೇ ಅಳತೆಯಲ್ಲಿ ಹೆಚ್ಚು ಮನೆ ತುಂಬಿದರೆ ಮಾತ್ರ ನಯ.

ಹೊಳಲ್ಕೆರೆ: ಫಾರ್ವರ್ಡ್ ಬಂದಿತ್ತು: ಅಂಚಿಗೆ ತಿಳಿ ಬಣ್ಣದ ಎರಡು ಶೇಡ್ ಹಾಕಿದ್ರೆ ದುಂಡಗೆ ಬರುತ್ತಂತೆ.

ಟೀಚರ್: ಹಾಕಬೇಡಿ. 9 ಮನೆಯ ಅಕ್ಷರದಲ್ಲಿ ಗೆರೆ ಇರೋದೇ ಒಂದು ಮನೆ ದಪ್ಪ. ಪಕ್ಕದಲ್ಲಿ ತಿಳಿ ಗುಲಾಬಿ ಹಾಕಿದರೆ ಕೆಂಪು ದಾರ ಬಣ್ಣ ಬಿಟ್ಟ ಹಾಗೆ ಕಾಣುತ್ತೆ. ಅದನ್ನ ಬಿಚ್ಚಿಸೋಕೆ ನನ್ನ ಹತ್ರ ಬರ್ತೀರಿ. ಆ ಫಾರ್ವರ್ಡ್ ಇಲ್ಲಿ ಮೂರನೇ ಸಲ.

ಚಳ್ಳಕೆರೆ: ಸೀಳು ಇಲ್ದಿದ್ರೂ ಮದುವೆ ಮನೆಯೋರು ‘ವಧು’ ಅಂತಲೇ ಓದ್ತಾರೆ ಬಿಡ್ರಿ.

ಹರಿಹರ: ಗೋಡೆ ಮೇಲೆ ವರ್ಷಗಟ್ಟಲೆ ತಪ್ಪು ಅಕ್ಷರ ನೇತಾಡಬೇಕಾ? ಹುಡುಗಿ ಕನ್ನಡ ಟೀಚರ್ ರೀ.

ಚಳ್ಳಕೆರೆ: ನಿಮ್ಮ ಇಷ್ಟ. ನಾವು ಹಾಕಿದ್ದನ್ನ ಯಾರೂ ತಪ್ಪು ಅಂದಿಲ್ಲ.

ಚಿತ್ರದುರ್ಗ: ಎದುರಿಗೆ ಯಾರು ಅಂತಾರೆ!



ಹೊಳಲ್ಕೆರೆ: ಹಾಗಾದ್ರೆ ಒಂದೇ ಶೇಡ್ ಹಾಕಬಹುದಾ ಟೀಚರ್?

ಟೀಚರ್: ಬೇಡ ಅಂದೆ.

ಹರಿಹರ: ಟೀಚರ್, 9 ಮನೆಗೆ ಹಾಕಿದೆ. ಸೀಳು ಬಂತು! ಆದ್ರೆ ಹೊಟ್ಟೆ ಮೊಟ್ಟೆ ಥರ ಉದ್ದ ಆಗಿದೆ. ಎಣಿಸಿದ್ರೆ ಮನೆ ಸರಿ ಇದೆ.

ಟೀಚರ್: ಯಾವ ಬಟ್ಟೆ?

ಹರಿಹರ: ಮ್ಯಾಟಿ.

ಟೀಚರ್: ಸ್ಕೇಲ್ ಇಟ್ಟು 20 ಮನೆ ಉದ್ದಕ್ಕೆ ಅಳೀರಿ, 20 ಅಗಲಕ್ಕೆ ಅಳೀರಿ. ಎರಡೂ ಸಮ ಇಲ್ದಿದ್ರೆ ನೇಯ್ಗೆಯೇ ಚೌಕ ಇಲ್ಲ. ಹೊಲಿಗೆ ಬಿಚ್ಚೋ ಮೊದಲು ಅಳತೆ ಹಾಕಿ.

ಹರಿಹರ: ಉದ್ದಕ್ಕೆ 4.4 ಸೆಂ.ಮೀ., ಅಗಲಕ್ಕೆ 3.8.

ಚಳ್ಳಕೆರೆ: ಬಟ್ಟೆನ ಅಡ್ಡ ತಿರುಗಿಸಿ ಹಾಕ್ರಿ, ಸರಿಯಾಗುತ್ತೆ.

ಟೀಚರ್: ಆಗ ಮೊಟ್ಟೆ ಅಡ್ಡ ಮಲಗುತ್ತೆ. ಇದೇ ಬಟ್ಟೆ ಬೇಕು ಅಂದ್ರೆ ಬದಿಯ 3 ಮನೆಯನ್ನ 2 ಮಾಡಿ, ಒಂದು ಅಕ್ಷರ ಹಾಕಿ ಫೋಟೋ ಕಳಿಸಿ. ನೋಡಿ ಹೇಳ್ತೀನಿ.