ಬೆಳಗ್ಗೆ ಗುಂಡಿ, ರಾತ್ರಿ ನುಣುಪು: ಸೆಲ್ಫಿಯಲ್ಲಿ ಯಾವ ಕೆನ್ನೆ ನಿಜ?

ಕಾಫಿಹೂವು: ಸೋಮವಾರಪೇಟೆ ಹತ್ತಿರ ನಮ್ಮ ತೋಟದ ಮನೆ. ಮೊಡವೆ ಕಲೆಗೆ ಮುಲಾಮು ಹಚ್ಚುತ್ತಾ ಆರು ವಾರ ಆಯ್ತು. ವಾಸಿಯಾಗ್ತಿದೆಯಾ ನೋಡೋಣ ಅಂತ ವಾರವಾರ ಸೆಲ್ಫಿ ತೆಗೆಯುತ್ತಿದ್ದೇನೆ. ಬೆಳಗ್ಗೆ ಕಿಟಕಿ ಪಕ್ಕ ಕೂತರೆ ಎಡಗೆನ್ನೆ ತುಂಬ ಗುಂಡಿ. ಮಧ್ಯಾಹ್ನ ಕಾಫಿ ಗಿಡಗಳ ನಡುವೆ ಕಲೆಗಳೆಲ್ಲ ಕಪ್ಪು. ರಾತ್ರಿ ಬಲ್ಬಿನಡಿ ಏನೂ ಇಲ್ಲ! ಯಾವುದನ್ನು ನಂಬಲಿ?

ಮಂಜುಬೆಟ್ಟ: ಬ್ಯೂಟಿ ಫಿಲ್ಟರ್ ಆನ್ ಇದೆ. ಆಫ್ ಮಾಡಿ, ಸರಿಹೋಗುತ್ತೆ.

ಕಾಫಿಹೂವು: ಮಾಡಿದೆ ಅಣ್ಣ. ರಾತ್ರಿಯದು ಸ್ವಲ್ಪ ಬದಲಾಯ್ತು. ಬೆಳಗಿನ ಗುಂಡಿ ಹಾಗೇ ಇದೆ.

ತೋಟದಮನೆ: ನನಗೂ ಸೆಲ್ಫಿಯಲ್ಲಿ ಮೂಗು ದಪ್ಪ ಕಾಣುತ್ತೆ. ಇದಕ್ಕೂ ಬೆಳಕೇ ಕಾರಣನಾ?

ಹಳೇಕ್ಯಾಮೆರಾ: ಮೂಗಿಗೆ ಕಾರಣ ಬೆಳಕಲ್ಲ, ಫೋನು ತೀರಾ ಹತ್ತಿರ ಇರುವುದು, ಫೋನನ್ನು ಇನ್ನಷ್ಟು ದೂರ ಹಿಡಿಯಿರಿ.

ಕಾಫಿಹೂವು, ಕಣದಲ್ಲಿ ಒಣಹಾಕಿದ ಕಾಫಿಯನ್ನು ಬೆಳಗಿನ ಬಿಸಿಲಲ್ಲಿ ನೋಡಿದ್ದೀರಲ್ವಾ? ಒಂದೊಂದು ಕಾಯಿಗೂ ಉದ್ದ ನೆರಳು. ನಡುಮಧ್ಯಾಹ್ನ ಅದೇ ಕಣ ಸಪಾಟಾಗಿ ಕಾಣುತ್ತದೆ. ಕಿಟಕಿ ಪಕ್ಕಕ್ಕಿದ್ದಾಗ ಬೆಳಕು ನಿಮ್ಮ ಕೆನ್ನೆಯನ್ನು ಸವರಿಕೊಂಡು ಹೋಗುತ್ತದೆ, ಸಣ್ಣ ತಗ್ಗಿಗೂ ನೆರಳು ತುಂಬುತ್ತದೆ. ಕಿಟಕಿಗೆ ಎದುರಾಗಿ ಕೂತರೆ ಆ ನೆರಳು ಹೋಗುತ್ತದೆ. ಪರೀಕ್ಷೆ ಸುಲಭ: ಅಲ್ಲೇ ಕುರ್ಚಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಎಂಟು ಫೋಟೋ ತೆಗೆಯಿರಿ.

ತೋಟದಲ್ಲಿ ಬೇರೆ ಕಥೆ. ಎಲೆಗಳಿಂದ ಬರುವ ಬೆಳಕಿನಲ್ಲಿ ಹಸಿರು ಜಾಸ್ತಿ. ಕೆಂಪು ಕಲೆ ಹಸಿರನ್ನು ನುಂಗಿಬಿಡುತ್ತದೆ, ಅದಕ್ಕೇ ಕಪ್ಪಾಗಿ ಕಾಣುವುದು. ಹಳದಿ ಬಲ್ಬಿನಲ್ಲಿ ಅದೇ ಕಲೆ ಚರ್ಮದಲ್ಲಿ ಕರಗುತ್ತದೆ. ಕತ್ತಲಲ್ಲಿ ಫೋನು ಫೋಟೋದಲ್ಲಿ ಮೂಡುವ ಕಾಳುಕಾಳು ಚುಕ್ಕೆಗಳನ್ನು ಒರೆಸುವಾಗ ಚರ್ಮದ ರಂಧ್ರಗಳನ್ನೂ ಒರೆಸುತ್ತದೆ. ಹಾಗಾಗಿ ಫಿಲ್ಟರ್ ಆಫ್ ಮಾಡಿದ್ದು ಒಳ್ಳೆಯದೇ, ಆದರೆ ಅಷ್ಟೇ ಸಾಲದು.

ಕಾಫಿಹೂವು: ಹಾಗಾದರೆ ಹೇಗೆ ತೆಗೆಯಲಿ?

ಹಳೇಕ್ಯಾಮೆರಾ: ವಾರಕ್ಕೆ ಎರಡು, ಒಂದೇ ಕಿಟಕಿ, ಒಂದೇ ಹೊತ್ತು. ನೇರ ಬಿಸಿಲು ಬೀಳದ ಕಿಟಕಿಯಾಗಲಿ, ಬಲ್ಬ್ ಆರಿಸಿ. ಎದುರಾಗಿ ಕೂತದ್ದು ಬಣ್ಣಕ್ಕೆ, ಪಕ್ಕಕ್ಕೆ ತಿರುಗಿದ್ದು ಗುಂಡಿಗೆ. ಗಲ್ಲದ ಕೆಳಗೆ ಬಿಳಿ ಹಾಳೆ ಹಿಡಿಯಿರಿ. ಹಾಳೆ ಒಂದು ವಾರ ಹಳದಿ, ಮುಂದಿನ ವಾರ ನೀಲಿ ಕಂಡರೆ ಆ ಎರಡರ ಬಣ್ಣ ಹೋಲಿಸಬೇಡಿ. ಮಳೆಗಾಲದ ಮೋಡದಲ್ಲಿ ಬೆಳಕು ಎಲ್ಲ ಕಡೆಯಿಂದ ಬರುತ್ತದೆ, ಗುಂಡಿಗಳು ಮಸುಕಾಗುತ್ತವೆ. ಜುಲೈ ಫೋಟೋವನ್ನು ಜನವರಿಯದರ ಪಕ್ಕ ಇಟ್ಟು ತೀರ್ಮಾನ ಮಾಡಬೇಡಿ.

ಮಂಜುಬೆಟ್ಟ: ಅಂದ್ರೆ ಹಳೆಯ ಆರು ವಾರದ್ದು ವ್ಯರ್ಥನಾ?

ಹಳೇಕ್ಯಾಮೆರಾ: ಬೆಳಗಿನವನ್ನು ಮಾತ್ರ ಒಂದಕ್ಕೊಂದು ಹೋಲಿಸಬಹುದು, ಕೂತ ದಿಕ್ಕು, ಆಕಾಶ ಎರಡೂ ಒಂದೇ ಥರ ಇದ್ದಿದ್ದರೆ.

ಕಾಫಿಹೂವು: ಮೂರನೇ ವಾರ ಮಂಜು ಕವಿದಿತ್ತು, ಅದನ್ನು ಬಿಡುತ್ತೇನೆ. ಇವತ್ತು ಕುರ್ಚಿ ತಿರುಗಿಸಿ ನೋಡಿದೆ. ಕಿಟಕಿಗೆ ಬಲಗಡೆ ಕೊಟ್ಟಾಗ ಬಲಗೆನ್ನೆಯೂ ಗುಂಡಿಗುಂಡಿ! ಎದುರಾದಾಗ ಎರಡೂ ಸಮ. ಆದರೆ ದವಡೆ ಹತ್ತಿರದ ಎರಡು ಮಾತ್ರ ಎಲ್ಲದರಲ್ಲೂ ಕಾಣುತ್ತಿವೆ.

ಹಳೇಕ್ಯಾಮೆರಾ: ಆ ಎರಡು ನಿಜವಾದ ತಗ್ಗೇ ಇರಬಹುದು, ಗಾಢ ಕಲೆಯೂ ಇರಬಹುದು. ಅದನ್ನು ಫೋಟೋದಲ್ಲಿ ಹೇಳಲಾಗದು. ಚರ್ಮದ ಡಾಕ್ಟರಿಗೆ ಮುಖವನ್ನೇ ತೋರಿಸಿ.