'ಗೋಲ್ಡನ್ ಅವರ್'ಗೆ ಕನ್ನಡದಲ್ಲಿ ಏನನ್ನೋಣ? (ಬ್ರೋಷರ್‌ಗೆ, ಇವತ್ತೇ ಬೇಕು)

ರೇಖಾ:
ಎಲ್ಲರಿಗೂ ನಮಸ್ಕಾರ. ಒಂದು ಅಪಾರ್ಟ್‌ಮೆಂಟಿನ ಬ್ರೋಷರ್ ಅನುವಾದ ಮಾಡುತ್ತಿದ್ದೇನೆ. ಕಟ್ಟಡ ಇನ್ನೂ ಎದ್ದಿಲ್ಲ. ಹಾಗಾಗಿ ಹೊರನೋಟದ ಚಿತ್ರಗಳನ್ನು ಎಐ ತಂತ್ರಾಂಶಕ್ಕೆ ಪ್ರಾಂಪ್ಟ್ ಬರೆದು ಮಾಡಿಸುತ್ತಿದ್ದಾರೆ. ನನಗೆ ಎರಡು ಕಡೆ ಪದ ಬೇಕು. ಒಂದು, ಮುಖ್ಯ ಚಿತ್ರದ ಅಡಿಬರಹ: 'ಗೋಲ್ಡನ್ ಅವರ್‌ನಲ್ಲಿ ಕಟ್ಟಡದ ಮುಂಭಾಗ'. ಇನ್ನೊಂದು, ಚಿತ್ರ ಮಾಡುವ ಹುಡುಗರಿಗೆ ಕನ್ನಡದಲ್ಲಿ ಬರೆದುಕೊಡಬೇಕಾದ ಒಂದು ಪುಟದ ಟಿಪ್ಪಣಿ.

ಟಿಪ್ಪಣಿಯಲ್ಲಿ 'ಗೋಧೂಳಿ ಹೊತ್ತು' ಅಂತ ಬರೆದಿದ್ದೆ. ಒಬ್ಬ ಹುಡುಗ ಅದನ್ನೇ ಪ್ರಾಂಪ್ಟಿಗೆ ಹಾಕಿದ. ಕಟ್ಟಡದ ಮುಂದೆ ಮಣ್ಣಿನ ದಾರಿ, ಧೂಳು, ಎರಡು ಹಸು ಬಂದವು. ಪುಟ ರಾತ್ರಿಯೇ ಮುದ್ರಣಕ್ಕೆ ಹೋಗಬೇಕು. ದಯವಿಟ್ಟು ಬೇಗ ಹೇಳಿ.

ನಾಗರಾಜ:
ಪತ್ರಿಕೆಗಳಲ್ಲಿ 'ಸುವರ್ಣ ಸಮಯ' ಅಂತ ಬಳಸುತ್ತೇವೆ ಮೇಡಂ. ಅಪಘಾತವಾದ ಮೊದಲ ಒಂದು ಗಂಟೆಯಲ್ಲಿ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಬೇಕು ಅನ್ನುವ ಅರ್ಥ. ಓದುಗರಿಗೆ ಪರಿಚಯವಾಗಿದೆ. ಅದನ್ನೇ ಹಾಕಿ.

ಶ್ರೀನಿವಾಸ:
ನಾಗರಾಜರೇ, ಅವರು ಕೇಳಿದ್ದು ಬಿಸಿಲಿನ ಬಗ್ಗೆ.

ರೇಖಾ ಅವರೇ, ಹಸು ಬಂದದ್ದರಲ್ಲಿ ತಪ್ಪೇನಿದೆ? ಗೋವು, ಧೂಳಿ ಎರಡನ್ನೂ ನೀವೇ ಬರೆದಿದ್ದೀರಿ. ಅದು ಸಂಸ್ಕೃತದ ಸಮಾಸ, ನಮ್ಮ ಪದ ಅಲ್ಲ. ಕನ್ನಡದಲ್ಲಿ 'ಬೈಗು' ಇದೆ. 'ಬೈಗಿನ ಬೆಳಕು' ಅನ್ನಿ, ಮುಗಿಯಿತು. 'ಅವರ್' ಅನ್ನುವುದಕ್ಕೆ 'ಹೊತ್ತು' ಇದ್ದೇ ಇದೆ. ಹಳಗನ್ನಡದ 'ಪೊೞ್ತು' ಪೊತ್ತಾಗಿ, ಹೊತ್ತಾಯಿತು. ಆ ಪದಕ್ಕೆ ಕಾಲ ಅನ್ನುವ ಅರ್ಥವೂ ಉಂಟು, ಸೂರ್ಯ ಅನ್ನುವ ಅರ್ಥವೂ ಉಂಟು. 'ಹೊತ್ತು ಮುಳುಗಿತು' ಅಂದಾಗ ಮುಳುಗುವುದು ಸೂರ್ಯ ತಾನೆ? ಒಂದೇ ಪದದಲ್ಲಿ ಗಳಿಗೆ, ಬಿಸಿಲು ಎರಡನ್ನೂ ಹಿಡಿದಿಟ್ಟ ಭಾಷೆಗೆ ಸಾಲ ಯಾಕೆ ಬೇಕು?

ಪ್ರಕಾಶ:
ಹುಡುಗರ ಟಿಪ್ಪಣಿಗೆ ಕನ್ನಡ ಪದ ಹುಡುಕಿ ಪ್ರಯೋಜನ ಇಲ್ಲ. ಪ್ರಾಂಪ್ಟಿನಲ್ಲಿ `golden hour` ಅಂತ ಇಂಗ್ಲಿಷಿನಲ್ಲೇ ಬರೆಯಲಿ. ತಂತ್ರಾಂಶ ಆ ಮಾತನ್ನು ಸಾವಿರಾರು ಫೋಟೊಗಳ ಜೊತೆ ಕಲಿತಿರುತ್ತದೆ. ಬಣ್ಣ ತಾನಾಗಿ ಬರುತ್ತದೆ. ನಾನು ಎಷ್ಟೋ ಸಲ ಮಾಡಿದ್ದೇನೆ.

ಸುಮಾ:
ಪ್ರಕಾಶ್ ಸರ್, ಬಣ್ಣ ಬರುತ್ತದೆ ಅನ್ನುವುದು ನಿಜ. ತೊಂದರೆ ಶುರುವಾಗುವುದೇ ಅಲ್ಲಿಂದ. ನಾನು ಕಟ್ಟಡಗಳ ಚಿತ್ರ ಮಾಡುವ ಕೆಲಸದಲ್ಲೇ ಇದ್ದೇನೆ. ಜನ `golden hour` ಅಂತ ಹೆಸರು ಕೊಟ್ಟು ಹಾಕುವ ಫೋಟೊಗಳಲ್ಲಿ ಬಹಳಷ್ಟು ಸೂರ್ಯನ ಕಡೆಗೇ ಕ್ಯಾಮೆರಾ ತಿರುಗಿಸಿ ತೆಗೆದವು. ಆದ್ದರಿಂದ ಬರೀ ಆ ಮಾತು ಕೊಟ್ಟರೆ ಸೂರ್ಯ ಹೋಗಿ ಕಟ್ಟಡದ ಹಿಂದೆ ಕೂರುತ್ತಾನೆ. ಆಕಾಶ ಚೆಂದ ಕಾಣುತ್ತದೆ, ಆದರೆ ಮುಂಭಾಗ ಕಪ್ಪಾಗುತ್ತದೆ. ಆ ಕಪ್ಪನ್ನು ಮುಚ್ಚಲು ತಂತ್ರಾಂಶ ಎಲ್ಲ ಕಿಟಕಿಯಲ್ಲೂ ದೀಪ ಹಚ್ಚುತ್ತದೆ. ಮನೆ ಕೊಳ್ಳುವವರು ನೋಡಬೇಕಾದ್ದು ಮುಂಭಾಗವನ್ನು, ಅಲ್ವಾ?

ಇನ್ನೊಂದು ಮಾತು. ಫೋಟೊದವರು ಗೋಲ್ಡನ್ ಅವರ್ ಅನ್ನುವುದು ದಿಗಂತದ ಮೇಲೆ ಸೂರ್ಯನ ಎತ್ತರ ಸುಮಾರು 6 ಡಿಗ್ರಿಗಿಂತ ಕಡಿಮೆ ಆದ ಹೊತ್ತಿಗೆ. 6 ಡಿಗ್ರಿಯಲ್ಲಿ 15 ಮೀಟರ್ ಎತ್ತರದ ಕಟ್ಟಡದ ನೆರಳು ಹತ್ತಿರ ಹತ್ತಿರ 140 ಮೀಟರ್ ಉದ್ದ ಬೀಳುತ್ತದೆ. ಹಾಗಿದ್ದ ಮೇಲೆ ಎದುರಿನ ಮನೆ, ಮರಗಳ ನೆರಳೂ ನಮ್ಮ ಕಟ್ಟಡದ ಮೇಲೆ ಬಿದ್ದಿರಲೇಬೇಕು. ಕೆಳಗಿನ ಮಹಡಿಗಳಿಗೆ ಬಿಸಿಲೇ ಇರುವುದಿಲ್ಲ. ಬ್ರೋಷರಿನಲ್ಲಿ ನೆಲದವರೆಗೂ ಮುಂಭಾಗ ಹೊಳೆಯುತ್ತಿದ್ದರೆ, ಆ ಸೂರ್ಯ ನಿಜವಾಗಿ 15 ಡಿಗ್ರಿಯ ಹತ್ತಿರ ಇದ್ದಾನೆ ಅಂತ ಲೆಕ್ಕ. ಆಗ ಅದೇ ಕಟ್ಟಡದ ನೆರಳು 56 ಮೀಟರಿಗೆ ಇಳಿಯುತ್ತದೆ. ನಮ್ಮ ಕೆಲಸದಲ್ಲಿ 'ಗೋಲ್ಡನ್ ಅವರ್' ಅಂದರೆ ಹೆಚ್ಚಾಗಿ ಇದೇ: ಸ್ವಲ್ಪ ಮೇಲಿರುವ ಸೂರ್ಯ, ಬೆಚ್ಚಗಿನ ಬಣ್ಣ. ಶ್ರೀನಿವಾಸ್ ಸರ್ ಹೇಳುವ ಬೈಗು ಅದಕ್ಕಿಂತ ತಡವಾದ ಹೊತ್ತು. ಬೈಗಿನ ಹೊತ್ತಿಗೆ ಬಿಸಿಲು ಗೋಡೆ ಬಿಟ್ಟು ಹೋಗಿರುತ್ತದೆ.

ರೇಖಾ, ಪದಕ್ಕಿಂತ ಮೊದಲು ಒಂದು ಹೇಳಿ. ಮುಂಭಾಗ ಯಾವ ದಿಕ್ಕಿಗಿದೆ?

ಶ್ರೀನಿವಾಸ:
ಪದದ ಅರ್ಥವನ್ನು ಡಿಗ್ರಿಯಲ್ಲಿ ಅಳೆಯಬೇಡಿ ತಾಯಿ. ಬೈಗು ಅಂದರೆ ಸಂಜೆ, ಅಷ್ಟೇ.

ಮಂಜುಳಾ:
ಸುಮಾ ಕೇಳಿದ ಪ್ರಶ್ನೆ ನನಗೆ ಮುಟ್ಟಿತು. ನಾವು ಫ್ಲಾಟ್ ತಗೊಂಡಾಗ ಬ್ರೋಷರಿನಲ್ಲಿ ಬಾಲ್ಕನಿ ತುಂಬ ಸಂಜೆ ಬಿಸಿಲು ಇತ್ತು. ಮನೆಗೆ ಬಂದ ಮೇಲೆ ನೋಡಿದರೆ ಬಾಲ್ಕನಿ ಇರುವುದು ಪೂರ್ವಕ್ಕೆ. ಮಧ್ಯಾಹ್ನದ ನಂತರ ಅಲ್ಲಿ ಬಿಸಿಲೇ ಇಲ್ಲ. ಸಂಜೆ ಅಲ್ಲಿ ಕೂತು ಓದಬೇಕು ಅಂತ ಎಷ್ಟು ಆಸೆ ಇಟ್ಟುಕೊಂಡಿದ್ದೆ. ಪದ ಯಾವುದೇ ಇರಲಿ, ಸುಳ್ಳು ಹೊತ್ತು ಮಾತ್ರ ಬರೆಯಬೇಡಿ.

ರೇಖಾ:
ನಕ್ಷೆ ತರಿಸಿ ನೋಡಿದೆ. ಉತ್ತರದ ಬಾಣ ಇದೆ. ನಮ್ಮ ಮುಂಭಾಗವೂ ಪೂರ್ವಕ್ಕೇ ಇದೆ! ಹುಡುಗರು ಮಾಡಿದ ಚಿತ್ರದಲ್ಲಿ ಸಂಜೆ ಆಕಾಶ, ಹಿಂದೆ ಸೂರ್ಯ, ಆದರೂ ಮುಂಭಾಗ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿದೆ. ಐದು ಮಹಡಿ ಇರಬೇಕಾದ ಕಡೆ ಆರು ಬಂದಿವೆ. ಈಗ ಚಿತ್ರವನ್ನೇ ಬದಲಿಸಬೇಕು ಅಂತ ಹೇಳಿದ್ದೇನೆ. ಒಪ್ಪಿದ್ದಾರೆ, ಆದರೆ ಏನು ಬರೆಯಬೇಕು ಅಂತ ನನ್ನನ್ನೇ ಕೇಳುತ್ತಿದ್ದಾರೆ.

ಸುಮಾ:
ಹಿಂದೆ ಸೂರ್ಯ, ಮುಂದೆ ಹೊಳೆಯುವ ಗೋಡೆ: ಇವೆರಡು ಒಟ್ಟಿಗೆ ಇರಲು ಸಾಧ್ಯವೇ ಇಲ್ಲ. ಅದು ಬಿಸಿಲಲ್ಲ, ಇಡೀ ಚಿತ್ರದ ಮೇಲೆ ಬಳಿದ ಬಣ್ಣ. ಅದನ್ನು ಪತ್ತೆ ಹಚ್ಚುವುದು ಸುಲಭ. ಕಟ್ಟಡದ ಎರಡು ಮೈ ಕಾಣುವ ಹಾಗೆ ಮೂಲೆಯಿಂದ ನೋಡಿದಾಗ, ಬಿಸಿಲು ಬಿದ್ದ ಮೈ ಬೆಚ್ಚಗೆ, ನೆರಳಿನ ಮೈ ತುಸು ನೀಲಿಯಾಗಿ ಕಾಣಬೇಕು. ನೆರಳಿಗೆ ಬೆಳಕು ಕೊಡುವುದು ಆಕಾಶ, ಅದಕ್ಕೇ ಆ ನೀಲಿ. ಎರಡೂ ಮೈ ಕಿತ್ತಳೆಯಾಗಿದ್ದರೆ ಚಿತ್ರ ಕೆಟ್ಟಿದೆ ಅಂತಲೇ ತಿಳಿಯಿರಿ. ಆಮೇಲೆ ನೆಲ ನೋಡಿ. ಮರ, ಕಾರು, ಕಂಬ ಎಲ್ಲದರ ನೆರಳೂ ಒಂದೇ ಕಡೆ ಬಿದ್ದಿರಬೇಕು.

ಪ್ರಾಂಪ್ಟಿನಲ್ಲಿ ಗಳಿಗೆಯ ಹೆಸರಿಗಿಂತ ಸೂರ್ಯ ಎಲ್ಲಿದ್ದಾನೆ ಅನ್ನುವುದನ್ನು ಬರೆಯಿರಿ. ನಿಮ್ಮದು ಪೂರ್ವದ ಮುಂಭಾಗ, ಆದ್ದರಿಂದ ಬೆಳಗಿನ ಸೂರ್ಯ. ನಾನಾದರೆ ಹೀಗೆ ಬರೆಯುತ್ತೇನೆ:

```
five-storey apartment building, three-quarter view, eye level,
early morning, low sun behind the camera on the left,
long facade in warm sunlight, end wall in cool blue shade,
long shadows falling away to the right,
windows reflecting the sky
```

ಕೊನೆಯ ಸಾಲು ಕಿಟಕಿ ದೀಪಗಳಿಗಾಗಿ. 'ದೀಪ ಬೇಡ' ಅಂತ ಪ್ರಾಂಪ್ಟಿನ ಒಳಗೇ ಬರೆದರೆ ಎಷ್ಟೋ ಸಲ ದೀಪವೇ ಬಂದು ಕೂರುತ್ತದೆ. ಬೇಡದ್ದರ ಬದಲು ಏನು ಬೇಕು ಅಂತ ಹೇಳುವುದು ಒಳ್ಳೆಯದು.

ಮಹಡಿ ಎಣಿಕೆಗೆ ಮಾತ್ರ ಯಾವ ಪದವೂ ಸಾಲದು. `five-storey` ಅಂತ ಬರೆದರೂ ಆರು ಬರುತ್ತದೆ, ನಾಲ್ಕೂ ಬರುತ್ತದೆ. ವಾಸ್ತುಶಿಲ್ಪಿಯ ಮೂರು ಆಯಾಮದ ಮಾದರಿಯಿಂದ ಒಂದು ಸಾದಾ ಚಿತ್ರ ತೆಗೆಸಿ, ಅದನ್ನೇ ಮೂಲವಾಗಿ ಕೊಡಲಿ. ಅವರ ತಂತ್ರಾಂಶದಲ್ಲಿ `denoising strength` ಇದ್ದರೆ 0.35ರ ಆಸುಪಾಸಿನಲ್ಲಿ ಶುರು ಮಾಡಲಿ. ಅದು ಜಾಸ್ತಿ ಆದಷ್ಟೂ ತಂತ್ರಾಂಶ ಮೂಲವನ್ನು ಬಿಟ್ಟು ತನ್ನದೇ ಬಾಲ್ಕನಿ ಕಟ್ಟುತ್ತದೆ. ತುಂಬ ಕಡಿಮೆ ಇಟ್ಟರೆ ಮೂಲದ ಬೆಳಕೇ ಉಳಿಯುತ್ತದೆ, ಬಿಸಿಲು ಬದಲಾಗುವುದಿಲ್ಲ. ಹಾಗಾಗಿ ಮೂಲದ ಚಿತ್ರ ತೆಗೆಯುವಾಗಲೇ ಸೂರ್ಯನನ್ನು ಸರಿಯಾದ ದಿಕ್ಕಿಗೆ ಇಟ್ಟರೆ ಅರ್ಧ ಕೆಲಸ ಮುಗಿದ ಹಾಗೆ. ಮುದ್ರಣಕ್ಕೆ ಕೊಡುವ ಮೊದಲು ಮಹಡಿಗಳನ್ನು ಬೆರಳಿಟ್ಟು ಎಣಿಸಿ.

ಪ್ರಕಾಶ:
ಸೂರ್ಯನ ದಿಕ್ಕು ಬರೆಯಬೇಕು ಅನ್ನುವುದನ್ನು ಒಪ್ಪುತ್ತೇನೆ, ನನಗೆ ಹೊಳೆದಿರಲಿಲ್ಲ. ಆದರೆ `golden hour` ತೆಗೆದುಬಿಟ್ಟರೆ ಬಣ್ಣ ಸಪ್ಪೆಯಾಗುತ್ತದೆ. ಎರಡನ್ನೂ ಬರೆಯಲಿ.

ಸುಮಾ:
ಬರೆದು ನೋಡಲಿ, ಸರ್. ಸೂರ್ಯ ಮತ್ತೆ ಹಿಂದಕ್ಕೆ ಹೋದರೆ ತೆಗೆಯಲಿ. ತಂತ್ರಾಂಶದಿಂದ ತಂತ್ರಾಂಶಕ್ಕೆ ಇದು ಬೇರೆ.

ಶ್ರೀನಿವಾಸ:
ಮುಂಭಾಗ ಪೂರ್ವಕ್ಕೆ ಇದ್ದರೆ 'ಬೈಗು' ಸಲ್ಲದು, ವಾಪಸ್ ತೆಗೆದುಕೊಳ್ಳುತ್ತೇನೆ. 'ಎಳೆಬಿಸಿಲು' ಅನ್ನಿ. ಬೆಳಗಿನ ಬಿಸಿಲಿಗೆ ಅದಕ್ಕಿಂತ ಒಳ್ಳೆಯ ಪದ ಇಲ್ಲ. ಸಂಜೆಯದಾದರೆ 'ಇಳಿಬಿಸಿಲು'. ಎರಡಕ್ಕೂ ಸಲ್ಲುವುದು ಬೇಕಾದರೆ 'ಹೊಂಬಿಸಿಲು'. ಪೊನ್ ಹೊನ್ನಾಯಿತು. ಹೊನ್ನಿನ ಬಣ್ಣ ಹೊಂಬಣ್ಣ, ಹೊನ್ನಿನಂಥ ಬಿಸಿಲು ಹೊಂಬಿಸಿಲು. 'ಗೋಲ್ಡನ್' ಅನ್ನುವುದೂ ಅದರಲ್ಲೇ ಬಂತು.

ಆದರೆ ಟಿಪ್ಪಣಿಯಲ್ಲಿ 'ಪ್ರಾಂಪ್ಟ್' ಅಂತ ಯಾಕೆ ಬರೆಯುತ್ತೀರಿ? 'ಒಕ್ಕಣೆ' ಇದೆಯಲ್ಲ. ಕಾಗದದಲ್ಲಿ ಮಾತನ್ನು ಕೂಡಿಸುವ ಬಗೆಗೆ ಆ ಹೆಸರು. ಹುಡುಗರು ಮಾಡುವುದೂ ಅದನ್ನೇ.

ಪ್ರಕಾಶ:
'ಒಕ್ಕಣೆ ಹಾಕು' ಅಂದರೆ ಆ ಹುಡುಗರಿಗೆ ತಿಳಿಯುವುದಿಲ್ಲ. ಇಡೀ ಕಚೇರಿ ಪ್ರಾಂಪ್ಟ್ ಅನ್ನುವಾಗ ನಾವು ಇಲ್ಲಿ ಕೂತು ಬದಲಾಯಿಸುವುದು ಸರಿಯಲ್ಲ. ಭಾಷೆ ಬೆಳೆಯುವುದೇ ಹಾಗೆ. ನೀವು ದೂರುವ 'ಅವರ್'ನ ಮೂಲ ಗ್ರೀಕಿನ 'ಹೋರಾ'. ಜೋಯಿಸರು ಹೇಳುವ 'ಹೋರೆ'ಯೂ ಅದೇ ಗ್ರೀಕಿನಿಂದ ಸಂಸ್ಕೃತಕ್ಕೆ ಬಂದು ನಮಗೆ ಸಿಕ್ಕಿದ್ದು. ಒಂದು ನಮ್ಮದು, ಇನ್ನೊಂದು ಪರರದು ಅಂತ ಗೆರೆ ಎಲ್ಲಿ ಎಳೆಯುತ್ತೀರಿ?

ಶ್ರೀನಿವಾಸ:
'ಹೋರೆ' ನಮ್ಮದು ಅಂತ ನಾನು ಎಂದೂ ಹೇಳಿಲ್ಲ. 'ಹೊತ್ತು' ನಮ್ಮದು ಅಂದೆ. ಸಾಲ ಹಳೆಯದಾದ ಮಾತ್ರಕ್ಕೆ ಹೊಸ ಸಾಲಕ್ಕೆ ಒಪ್ಪಿಗೆ ಸಿಕ್ಕಿತು ಅಂತ ಅಲ್ಲ. ಇದ್ದ ಪದವನ್ನು ಯಾರೂ ಬಳಸದೆ ಬಿಟ್ಟರೆ ಹುಡುಗರಿಗೆ ತಿಳಿಯುವುದು ಹೇಗೆ?

ಮಂಜುಳಾ:
ನಾಳೆ ಜಗಳ ಮುಂದುವರಿಸಿ. ರೇಖಾಗೆ ಇವತ್ತು ಬೇಕು.

ರೇಖಾ:
ಎಲ್ಲರಿಗೂ ಧನ್ಯವಾದ. ಹೊಸ ಚಿತ್ರ ಬಂತು. ಮಾದರಿಯ ಚಿತ್ರವನ್ನು ಮೂಲವಾಗಿ ಕೊಟ್ಟು, ಸುಮಾ ಬರೆದ ಸಾಲುಗಳನ್ನು ಹಾಕಿದರು. `golden hour` ಸೇರಿಸಿ ಒಂದು, ಬಿಟ್ಟು ಒಂದು ಮಾಡಿದರು. ಸೇರಿಸಿದ್ದರಲ್ಲಿ ಸೂರ್ಯ ಮುಂದೆಯೇ ಉಳಿದ, ಆದರೆ ನೆರಳಿನ ಮೈಯೂ ಕಿತ್ತಳೆಯಾಯಿತು. ಬಿಟ್ಟದ್ದನ್ನೇ ಆರಿಸಿದೆವು. ಮಹಡಿ ಎಣಿಸಿದೆ, ಐದೇ ಇವೆ. ಒಂದು ಮರದ ನೆರಳು ಮಾತ್ರ ಬೇರೆ ಕಡೆ ಬಿದ್ದಿತ್ತು, ಅದನ್ನು ಅಳಿಸುತ್ತಿದ್ದಾರೆ.

ಅಡಿಬರಹ: 'ಬೆಳಗಿನ ಹೊಂಬಿಸಿಲಿನಲ್ಲಿ ಪೂರ್ವದ ಮುಂಭಾಗ'. 'ಎಳೆಬಿಸಿಲು' ನನಗೂ ಇಷ್ಟ, ಆದರೆ 'ಗೋಲ್ಡನ್' ಅನ್ನುವ ಮಾತು ಬಿಡಲು ಬ್ರೋಷರ್ ಮಾಡಿಸುವವರು ಒಪ್ಪಲಿಲ್ಲ. ಟಿಪ್ಪಣಿಯಲ್ಲಿ ಸದ್ಯ 'ಪ್ರಾಂಪ್ಟ್' ಅಂತಲೇ ಉಳಿಸಿದ್ದೇನೆ. ಶ್ರೀನಿವಾಸ್ ಸರ್, ಬೇಜಾರು ಮಾಡಿಕೊಳ್ಳಬೇಡಿ.

ಶ್ರೀನಿವಾಸ:
ಅಡಿಬರಹ ಚೆನ್ನಾಗಿದೆ. ಆ 'ಪ್ರಾಂಪ್ಟ್' ಸರಿಯಿಲ್ಲ.