ನಾನು ಮಲಗಿರುವಾಗ ಟ್ರೇಡಿಂಗ್ ಸ್ಕ್ರಿಪ್ಟ್ ಓಡಿಸಬಹುದಾ?

ಪ್ರಶ್ನೆ: "ಬೆಳಿಗ್ಗೆ 5ಕ್ಕೆ ಕೆಲಸಕ್ಕೆ ಹೊರಡುತ್ತೇನೆ, ಹಾಗಾಗಿ ರಾತ್ರಿ 9ಕ್ಕೆಲ್ಲಾ ಮಲಗುತ್ತೇನೆ. ಎಂಸಿಎಕ್ಸ್ ಕ್ರೂಡ್ ಮಿನಿಗೆ ಪೈಥಾನ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದಿದ್ದೇನೆ. ಮಾರ್ಕೆಟ್ ರಾತ್ರಿ 11:30ರವರೆಗೂ ಇರುತ್ತಲ್ವಾ. ಲ್ಯಾಪ್‌ಟಾಪ್ ಆನ್ ಇಟ್ಟು ಮಲಗಿದರೆ ಏನೇನು ಕೆಡಬಹುದು? ಅನುಭವ ಇದ್ದವರು ಹೇಳಿ."

ತುಮಕೂರಿನಿಂದ: ಲ್ಯಾಪ್‌ಟಾಪ್ ಬೇಡವೇ ಬೇಡ ಸರ್. ನಮ್ಮಲ್ಲಿ ಒಂದು ರಾತ್ರಿ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಲೇ ಇತ್ತು, ವೈಫೈ ರೂಟರ್ ಸತ್ತಿತ್ತು. ಬಾಡಿಗೆ ಸರ್ವರ್ ತಗೊಳ್ಳಿ. ಸೆಬಿಯ 2025ರ ನಿಯಮದಂತೆ ಎಪಿಐ ಆರ್ಡರ್ ಬರುವ ಐಪಿ ವಿಳಾಸ ಬದಲಾಗದಂಥದ್ದಾಗಿರಬೇಕು, ಬ್ರೋಕರ್ ಬಳಿ ಮೊದಲೇ ಕೊಟ್ಟಿರಬೇಕು. ಸರ್ವರ್ ಇದ್ದರೆ ಅದೂ ಸುಲಭ. ಆಮೇಲೆ ನೆಮ್ಮದಿಯಾಗಿ ಮಲಗಬಹುದು.

ಮೈಸೂರಿನಿಂದ: ಸರ್ವರ್ ಬೇಕು, ಸರಿ. ಆದರೆ ನೆಮ್ಮದಿ ಅಲ್ಲಿಂದ ಬರುವುದಿಲ್ಲ. ನನ್ನ ಸ್ಕ್ರಿಪ್ಟ್ ಸರ್ವರ್‌ನಲ್ಲೇ ಇತ್ತು, ಒಮ್ಮೆಯೂ ನಿಂತಿರಲಿಲ್ಲ.

ಅದು ಬುಧವಾರ. ಅಮೆರಿಕದ ತೈಲ ದಾಸ್ತಾನಿನ ವರದಿ ಬರುವ ದಿನ. ಅಲ್ಲಿನ ಬೇಸಿಗೆಯಲ್ಲಿ ನಮ್ಮ ರಾತ್ರಿ 8ಕ್ಕೆ, ಚಳಿಗಾಲದಲ್ಲಿ 9ಕ್ಕೆ ಬರುತ್ತದೆ. ಆ ಹೊತ್ತಿಗೆ ಸ್ಕ್ರಿಪ್ಟ್ 6,120ಕ್ಕೆ ಒಂದು ಲಾಟ್ ಖರೀದಿ ಆರ್ಡರ್ ಕಳಿಸಿತು. ಉತ್ತರ ಬರಲಿಲ್ಲ. ಉತ್ತರ ಬಾರದಿದ್ದರೆ ಮತ್ತೆ ಕಳಿಸು ಅಂತ ನಾನೇ ಬರೆದಿದ್ದೆ. ಮತ್ತೆ ಕಳಿಸಿತು. ನಿಜವಾಗಿ ಮೊದಲ ಆರ್ಡರ್ ತಲುಪಿಯಾಗಿತ್ತು, ಉತ್ತರ ಮಾತ್ರ ದಾರಿಯಲ್ಲಿ ಕಳೆದಿತ್ತು. ಎರಡೂ ಅದೇ ಬೆಲೆಗೆ ಆದವು. ಸ್ಕ್ರಿಪ್ಟ್ ಲೆಕ್ಕದಲ್ಲಿ ಇದ್ದದ್ದು ಒಂದೇ ಲಾಟ್.

6,080ಕ್ಕೆ ಸ್ಟಾಪ್‌ಲಾಸ್ ಹೊಡೆಯಿತು. ಮಿನಿ ಲಾಟ್ ಅಂದರೆ 10 ಬ್ಯಾರೆಲ್, 400 ರೂಪಾಯಿ ಹೋಯಿತು. ಅಷ್ಟಕ್ಕೆ ನಾನು ಸಿದ್ಧನಿದ್ದೆ. ಇನ್ನೊಂದು ಲಾಟ್ ಸ್ಟಾಪ್ ಇಲ್ಲದೆ ರಾತ್ರಿಯೆಲ್ಲಾ ಉಳಿಯಿತು. ಬೆಳಿಗ್ಗೆ 5,930ಕ್ಕೆ ಕೈಯಿಂದ ಮಾರಿದೆ. ಅದರಲ್ಲಿ 1,900. ಈಗ ಹೀಗೆ ಬರೆದಿದ್ದೇನೆ:

```python
tag = "CR2001A"
try:
    place_order(tag)
except Timeout:
    sleep(5)
    if not in_orderbook(tag):
        stop_and_alert()
```

ಪ್ರತಿ ಆರ್ಡರ್‌ಗೂ ಬೇರೆ ಗುರುತು. ಉತ್ತರ ಬರದಿದ್ದರೆ ಬ್ರೋಕರ್‌ನ ಆರ್ಡರ್ ಪುಸ್ತಕದಲ್ಲಿ ಆ ಗುರುತು ಹುಡುಕುತ್ತದೆ. ಸಿಗಲಿಲ್ಲ ಅಂದರೂ ಮತ್ತೆ ಕಳಿಸುವುದಿಲ್ಲ, ನಿಂತು ನನ್ನ ಫೋನ್‌ಗೆ ಅಲಾರಾಂ ಕೊಡುತ್ತದೆ. ಒಂದು ಟ್ರೇಡ್ ತಪ್ಪಿದರೆ ತಪ್ಪಲಿ.

ಸ್ಯಾನ್ ಹೋಸೆಯಿಂದ: ನನಗೆ ಸ್ಕ್ರಿಪ್ಟ್ ಏನೂ ಬೇಕಾಗಿಲ್ಲ. ಇಲ್ಲಿ ಬೇಸಿಗೆಯಲ್ಲಿ ರಾತ್ರಿ 8:45ಕ್ಕೆ ಮುಂಬೈ ಮಾರ್ಕೆಟ್ ಶುರು, ಮುಗಿಯುವಾಗ ಬೆಳಗಿನ ಜಾವ 3. ಷೇರುಗಳಿಗೆ ಜಿಟಿಟಿ, ಅಂದರೆ ಹೇಳಿದ ಬೆಲೆ ಮುಟ್ಟಿದಾಗ ತಾನೇ ಹೋಗುವ ಆರ್ಡರ್, ಹಾಕಿ ಮಲಗುತ್ತೇನೆ. ಒಮ್ಮೆ ಮಾತ್ರ 480ಕ್ಕೆ ಟ್ರಿಗರ್, 478ಕ್ಕೆ ಲಿಮಿಟ್ ಇಟ್ಟಿದ್ದೆ. ಷೇರು 455ರಲ್ಲೇ ತೆರೆಯಿತು. ಟ್ರಿಗರ್ ಆಯಿತು, ಆದರೆ 478 ಕೊಡುವವರು ಯಾರೂ ಇರಲಿಲ್ಲ. ಎದ್ದು ನೋಡಿದರೆ ಷೇರು ಹಾಗೇ ಇತ್ತು.

ಕೇಳಿದವರು: ಹಾಗಾದರೆ ಸ್ಟಾಪ್‌ಲಾಸನ್ನು ಸ್ಕ್ರಿಪ್ಟ್‌ನಲ್ಲಿ ಇಟ್ಟುಕೊಳ್ಳದೆ ಎಕ್ಸ್‌ಚೇಂಜ್‌ಗೇ ಕಳಿಸಿಬಿಟ್ಟರೆ ಸಾಕಾ ಅಣ್ಣ?

ಮೈಸೂರಿನಿಂದ: ಅದು ಮೊದಲು ಮಾಡಬೇಕಾದ ಕೆಲಸ. ಖರೀದಿ ಆದ ಕೂಡಲೇ ಸ್ಟಾಪ್ ಆರ್ಡರ್ ಹೋಗಲಿ, ಆಗ ನಿಮ್ಮ ಸರ್ವರ್ ಸತ್ತರೂ ಅದು ಅಲ್ಲೇ ಇರುತ್ತದೆ. ಆದರೆ ಅದು ಆ ದಿನದ ಆರ್ಡರ್. ಮಾರ್ಕೆಟ್ ಮುಚ್ಚಿದಾಗ ತಾನೇ ರದ್ದಾಗುತ್ತದೆ. ಬೆಳಿಗ್ಗೆ 9ಕ್ಕೆ ಎಂಸಿಎಕ್ಸ್ ತೆರೆದಾಗ ಮತ್ತೆ ಹಾಕಬೇಕು. ಅಷ್ಟರಲ್ಲಿ ಹಿಂದಿನ ದಿನದ ಲಾಗಿನ್ ಟೋಕನ್ ಸತ್ತಿರುತ್ತದೆ, ನೀವು ಹೊಸದಾಗಿ ಲಾಗಿನ್ ಆಗುವವರೆಗೆ ಸ್ಕ್ರಿಪ್ಟ್ ಏನೂ ಮಾಡಲಾರದು. ಆ ಹೊತ್ತಲ್ಲಿ ನೀವು ಕೆಲಸದಲ್ಲಿ ಇರುತ್ತೀರಿ, ಅಲ್ವಾ?

ದಾವಣಗೆರೆಯಿಂದ: ಅದಕ್ಕೇ ನಾನು ಇಂಟ್ರಾಡೇ ಮಾತ್ರ ಮಾಡೋದು. ಮುಚ್ಚುವ ಮೊದಲು ಬ್ರೋಕರೇ ಪೊಸಿಷನ್ ಮುಗಿಸುತ್ತಾರೆ.

ಮೈಸೂರಿನಿಂದ: ಹೊಸಬರಿಗೆ ಅದು ಒಳ್ಳೆಯದೇ. ಆದರೂ ಬ್ರೋಕರ್ ಮುಗಿಸಲಿ ಅಂತ ಕೂರಬೇಡಿ, ಅದಕ್ಕೂ ಮುಂಚೆ ಸ್ಕ್ರಿಪ್ಟೇ ಮುಗಿಸಲಿ. ಮಾರ್ಕೆಟೇ ಮುಚ್ಚಿದ್ದರೆ ಯಾವ ಸ್ಟಾಪ್ ಕೂಡ ಕೆಲಸಕ್ಕೆ ಬರಲ್ಲ. 2020ರ ಏಪ್ರಿಲ್ 20 ನೆನಪಿದೆಯಾ? ಲಾಕ್‌ಡೌನ್ ಕಾರಣ ಎಂಸಿಎಕ್ಸ್ ಸಂಜೆ 5ಕ್ಕೇ ಮುಚ್ಚಿತ್ತು. ಆ ರಾತ್ರಿ ಅಮೆರಿಕದಲ್ಲಿ ಕ್ರೂಡ್ ಮೈನಸ್ 37.63 ಡಾಲರ್‌ಗೆ ಇಳಿಯಿತು. ಆ ದಿನ ಮುಗಿದ ನಮ್ಮ ಕಾಂಟ್ರಾಕ್ಟ್ ಕೂಡ ಬ್ಯಾರೆಲ್‌ಗೆ ಮೈನಸ್ 2,884 ರೂಪಾಯಿಯಲ್ಲಿ ಇತ್ಯರ್ಥವಾಯಿತು. ದೊಡ್ಡ ಲಾಟ್ 100 ಬ್ಯಾರೆಲ್. ಸೊನ್ನೆಯಿಂದ ಕೆಳಗೇ ಲಾಟ್‌ಗೆ 2,88,400.

ಕೇಳಿದವರು: ಇಂಟ್ರಾಡೇ ಅಂತ ಬದಲಾಯಿಸುತ್ತೇನೆ. ಸ್ಟಾಪ್‌ಗೆ ಲಿಮಿಟ್ ಹಾಕಬೇಕಾ, ಮಾರ್ಕೆಟ್ಟಾ?

ದಾವಣಗೆರೆಯಿಂದ: ಲಿಮಿಟ್. ಮಾರ್ಕೆಟ್ ಹಾಕಿದರೆ ವರದಿ ಬಂದ ಗಳಿಗೆಯಲ್ಲಿ ಎಲ್ಲೋ ಹೋಗಿ ಮಾರುತ್ತದೆ.

ಮೈಸೂರಿನಿಂದ: ನಾನು ಒಪ್ಪಲ್ಲ. ಸ್ಯಾನ್ ಹೋಸೆಯವರಿಗೆ ಆದದ್ದು ನೋಡಿದಿರಲ್ಲ. ಮಲಗಿರುವಾಗ ಕೆಟ್ಟ ಬೆಲೆಗಾದರೂ ಹೊರಗೆ ಬಂದಿರಬೇಕು ನನಗೆ. ಲಿಮಿಟ್ಟೇ ಬೇಕು ಅಂದರೆ ಟ್ರಿಗರ್‌ಗಿಂತ ಸಾಕಷ್ಟು ಕೆಳಗೆ ಇಡಿ. ನಾನಂತೂ ಬುಧವಾರ ವರದಿಗೆ ಹತ್ತು ನಿಮಿಷ ಮೊದಲೇ ಸ್ಕ್ರಿಪ್ಟ್ ನಿಲ್ಲಿಸುತ್ತೇನೆ.